ಮೊದಲ ಮೆಸೇಜ್‌ನಲ್ಲೇ ಲೆಕ್ಕ ಪೂರ್ತಿ ಕಾಣಬೇಕು

ಪ್ರಶ್ನೆ: ಸರ್, ನಾನು ಗದಗದಲ್ಲಿ ಹತ್ತನೇ ಕ್ಲಾಸ್ ಓದ್ತಿದ್ದೀನಿ. ನಮ್ಮ ಗಣಿತದ ಅಕ್ಕೋರು ಡೌಟ್ ಇದ್ರೆ ವಾಟ್ಸಾಪ್ ಮಾಡಿ ಅಂದಿದ್ದಾರೆ. ಆದ್ರೆ ನಾನು ಕೇಳಿದಾಗೆಲ್ಲ "ಯಾರು? ಯಾವ ಲೆಕ್ಕ? ಏನು ಬರ್ತಿಲ್ಲ?" ಅಂತ ಅವರೇ ತಿರುಗಿ ಕೇಳ್ತಾರೆ, ಅಷ್ಟರಲ್ಲಿ ರಾತ್ರಿ ಆಗಿಬಿಡುತ್ತೆ. ಒಂದೇ ಮೆಸೇಜ್‌ನಲ್ಲಿ ಅವರಿಗೆ ತಿಳಿಯೋ ಹಾಗೆ ಹೇಗೆ ಬರೀಬೇಕು? ಉದ್ದ ಬರೆದ್ರೆ ಬೈತಾರಾ?

ಉತ್ತರ: ಬೈಯುವುದಿಲ್ಲ ತಂಗಿ. ನಾನು ಧಾರವಾಡದಲ್ಲಿ 26 ವರ್ಷ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಟ್ಟವನು. ಈಗಲೂ ಸಂಜೆಯಾದರೆ ನನ್ನ ಫೋನ್ ತುಂಬ ಮಕ್ಕಳ ಡೌಟ್‌ಗಳೇ. ಉದ್ದ ಬರೆದವರ ಮೇಲೆ ನನಗೆ ಒಂದು ದಿನವೂ ಸಿಟ್ಟು ಬಂದಿಲ್ಲ. ಕೈ ಕಟ್ಟಿದಂತಾಗುವುದು ಬರೀ "ಸರ್" ಅಂತ ಬಂದು ನಿಂತ ಮೆಸೇಜ್ ನೋಡಿದಾಗ. ಅದಕ್ಕೆ ಏನು ಉತ್ತರ ಬರೆಯಲಿ ಹೇಳು?

ನೀನು ಮೆಸೇಜ್ ಬರೆಯುವಾಗ ನಿನ್ನ ಮುಂದೆ ಏನೇನಿದೆ ನೋಡು. ಪುಸ್ತಕ ತೆರೆದಿದೆ. ರಫ್ ನೋಟ್‌ನಲ್ಲಿ ಅರ್ಧ ಮಾಡಿದ ಲೆಕ್ಕ ಇದೆ. ಇವತ್ತು ಕ್ಲಾಸಿನಲ್ಲಿ ಏನು ನಡೆಯಿತು ಅನ್ನುವುದು ತಲೆಯಲ್ಲಿದೆ, ಹಿಂದಿನ ಪುಟದ ಉತ್ತರ ಕೂಡ ಈಗಷ್ಟೇ ನೋಡಿದ್ದೀಯ. ಇಷ್ಟೆಲ್ಲ ಇರುವುದರಿಂದ "3ನೇ ಲೆಕ್ಕ ಬರ್ತಿಲ್ಲ" ಅನ್ನುವುದು ನಿನಗೆ ಪೂರ್ತಿ ವಾಕ್ಯದ ಹಾಗೆ ಕಾಣುತ್ತದೆ. ಅದೇ ಹೊತ್ತಿಗೆ ನಿಮ್ಮ ಅಕ್ಕೋರು ಮನೆಯಲ್ಲಿ ರೊಟ್ಟಿ ಬಡಿಯುತ್ತಿರಬಹುದು, ಇಲ್ಲ ಬಸ್ಸಿನಲ್ಲಿ ನಿಂತಿರಬಹುದು. ಅವರ ಕೈಯಲ್ಲಿ ಪುಸ್ತಕವಿಲ್ಲ, ನಿನ್ನ ನೋಟ್‌ಬುಕ್ ಇಲ್ಲ. ಇರುವುದು ಆ ಮೂರು ಶಬ್ದ ಮಾತ್ರ.

ಹೋದ ವರ್ಷ ಒಬ್ಬ ಹುಡುಗನ ಜೊತೆ ನಡೆದದ್ದನ್ನು ಇದ್ದಂತೆಯೇ ಹೇಳುತ್ತೇನೆ. ಸಂಜೆ 7:10ಕ್ಕೆ ಅವನಿಂದ "ಸರ್" ಅಂತ ಬಂತು. ಎರಡು ನಿಮಿಷ ಬಿಟ್ಟು "ಡೌಟ್ ಇದೆ ಸರ್". ನಾನು ಫೋನ್ ನೋಡಿದ್ದು 8:40ಕ್ಕೆ. ನಂಬರ್ ಗೊತ್ತಿರಲಿಲ್ಲ, ಪ್ರೊಫೈಲ್ ಫೋಟೋದಲ್ಲಿ ಬಸವಣ್ಣನವರಿದ್ದರು. "ಯಾರು?" ಅಂತ ಬರೆದೆ. "ನಾನು ಸರ್, ಟೆಂತ್ ಬಿ" ಅಂದ. ಆ ಸೆಕ್ಷನ್‌ನಲ್ಲಿ ಐವತ್ತು ಮಕ್ಕಳಿದ್ದರು. ಹೆಸರು ಕೇಳಿದೆ, ಹೇಳಿದ. ಏನು ಡೌಟ್ ಅಂದೆ. "ನಿನ್ನೆ ಕೊಟ್ಟಿದ್ರಲ್ಲ ಸರ್, ಅದರಲ್ಲಿ 3ನೇದು ಬರ್ತಿಲ್ಲ." ನಿನ್ನೆ ನಾನು ಎರಡು ಸೆಕ್ಷನ್‌ಗೆ ಎರಡು ಬೇರೆ ಪಾಠ ಮಾಡಿದ್ದೆ. ಯಾವ ಪಾಠದ್ದು ಅಂತ ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ, ಯಾಕಂದ್ರೆ ಅಷ್ಟೊತ್ತಿಗೆ ಅವರಪ್ಪ ಫೋನ್ ಇಸಿದುಕೊಂಡಿದ್ದರು. ಮರುದಿನ ಬೆಳಿಗ್ಗೆ ಟೆಸ್ಟ್ ಇತ್ತು. ಅವನು ಆ ಲೆಕ್ಕ ಬಿಟ್ಟು ಬಂದ.

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೀಗೇ ಅಲ್ವಾ? ಮನೆಗೆಲ್ಲ ಒಂದೇ ಫೋನ್, ಅದೂ ಅಪ್ಪನದು. ಬ್ಯಾಡಗಿ ಕಡೆಯ ಹುಡುಗಿಯೊಬ್ಬಳು ಹೇಳುತ್ತಿದ್ದಳು, ಅವರಪ್ಪ ಮೆಣಸಿನಕಾಯಿ ಮಾರ್ಕೆಟ್‌ನಿಂದ ಬಂದು ಊಟ ಮಾಡಿ ಮಲಗುವವರೆಗೆ, ಆ ಅರ್ಧ ಗಂಟೆ ಮಾತ್ರ ಫೋನ್ ಅವಳ ಕೈಗೆ ಸಿಗುತ್ತಂತೆ. ಅವಳಿಗೆ "ಯಾವ ಲೆಕ್ಕ?" ಅಂತ ಒಂದು ಪ್ರಶ್ನೆ ತಿರುಗಿ ಬಂದರೆ ಒಂದು ದಿನ ಹೋಯಿತು ಅಂತಲೇ ಲೆಕ್ಕ. ಎರಡು ಪ್ರಶ್ನೆ ಬಂದರೆ ಎರಡು ದಿನ. ಅವಳು ಅರ್ಧ ಗಂಟೆಯಲ್ಲಿ ಹದಿನೈದು ನಿಮಿಷ ಬರೆಯುವುದಕ್ಕೇ ಇಟ್ಟಳು. ಮರುದಿನ ಫೋನ್ ಕೈಗೆ ಬಂದಾಗ ಉತ್ತರ ಬಂದು ಕೂತಿರುತ್ತಿತ್ತು.

ಈಗ ಒಂದು ಲೆಕ್ಕವನ್ನೇ ಹಿಡಿದುಕೊಂಡು ನೋಡೋಣ, ಆಗ ಸರಿಯಾಗಿ ತಿಳಿಯುತ್ತೆ. ಸಮಾಂತರ ಶ್ರೇಢಿ ನಿನಗೆ ಗೊತ್ತಿದೆ. ಲೆಕ್ಕ ಇದು: ಒಂದು ಸಮಾಂತರ ಶ್ರೇಢಿಯ 4ನೇ ಪದ 17, 9ನೇ ಪದ 42, ಹಾಗಾದರೆ 20ನೇ ಪದ ಎಷ್ಟು? ನೀನು ಮಾಡಿದೆ, 92 ಬಂತು. ಪುಸ್ತಕದ ಹಿಂದೆ ಕೊಟ್ಟ ಉತ್ತರ 97. ಎರಡು ಸಲ ಮಾಡಿದರೂ 92 ಬರುತ್ತಿದೆ.

"ಅಕ್ಕೋರೆ, ಉತ್ತರ ತಪ್ಪು ಬರ್ತಿದೆ" ಅಂತ ಬರೆದರೆ ಅವರು ಏನು ಮಾಡಬಹುದು? ಹೆಚ್ಚೆಂದರೆ ಇಡೀ ಲೆಕ್ಕ ತಾವೇ ಮಾಡಿ ಫೋಟೋ ಕಳಿಸುತ್ತಾರೆ. ನೀನು ಅದನ್ನು ನೋಡಿ "ಓ ಹೀಗಾ" ಅಂತ ಕಾಪಿ ಮಾಡಿಕೊಳ್ಳುತ್ತೀಯ. ನೀನು ಎಲ್ಲಿ ತಪ್ಪಿದೆ ಅನ್ನುವುದು ಅವರಿಗೂ ತಿಳಿಯಲಿಲ್ಲ, ನಿನಗೂ ತಿಳಿಯಲಿಲ್ಲ. ಅದೇ ತಪ್ಪು ಪರೀಕ್ಷೆಯಲ್ಲಿ ಮತ್ತೆ ಆಗುತ್ತದೆ.

ಅದೇ ನೀನು ಮಾಡಿದ ಸಾಲುಗಳನ್ನು ಹೀಗೆ ಬರೆದರೆ?

```
a + 4d = 17
a + 9d = 42
5d = 25, d = 5
a = 17 - 20 = -3
20ನೇ ಪದ = a + 19d = -3 + 95 = 92
```

ಇದನ್ನು ನೋಡಿದ ಯಾವ ಗಣಿತದ ಮೇಷ್ಟ್ರಿಗೂ ಹತ್ತು ಸೆಕೆಂಡ್ ಸಾಕು. 4ನೇ ಪದಕ್ಕೆ a + 3d ಬರೆಯಬೇಕಿತ್ತು, ನೀನು a + 4d ಬರೆದಿದ್ದೀಯ. 9ನೇ ಪದಕ್ಕೂ ಹಾಗೇ, 8d ಆಗಬೇಕಾದಲ್ಲಿ 9d. ಆದರೆ 20ನೇ ಪದಕ್ಕೆ ಬಂದಾಗ ಸೂತ್ರ ನೆನಪಾಗಿ 19d ಅಂತ ಸರಿಯಾಗಿ ಬರೆದಿದ್ದೀಯ. ಎರಡು ಕಡೆ ಒಂದು ಥರ, ಮೂರನೇ ಕಡೆ ಇನ್ನೊಂದು ಥರ. ಅದಕ್ಕೇ ಉತ್ತರ ಸರಿಯಾಗಿ ಒಂದು d, ಅಂದರೆ 5 ಕಮ್ಮಿ ಬಂದಿದೆ.

ಇಲ್ಲಿ ಇನ್ನೊಂದು ವಿಷಯ ಇದೆ. ಮೂರೂ ಕಡೆ ಅದೇ ತಪ್ಪು ಮಾಡಿ a + 20d ಅಂತ ಬರೆದಿದ್ದರೆ −3 + 100 = 97 ಬರುತ್ತಿತ್ತು. ಉತ್ತರ ಸರಿ ಬರುತ್ತಿತ್ತು, ತಪ್ಪು ಒಳಗೇ ಉಳಿಯುತ್ತಿತ್ತು. ನೀನು ಎರಡು ಸಲ ಮಾಡಿದರೂ ಸಿಗದೇ ಇರಲು ಕಾರಣವೂ ಇದೇ: ಮೊದಲ ಎರಡು ಸಾಲು ಕಳೆದಾಗ d = 5 ಸರಿಯಾಗೇ ಬರುತ್ತೆ, ಹಾಗಾಗಿ "ಇಲ್ಲಿವರೆಗೆ ಸರಿ ಇದೆ" ಅನಿಸಿಬಿಡುತ್ತೆ. ಇದನ್ನೆಲ್ಲ ಹೇಳಿಕೊಡಲು ಮೇಷ್ಟ್ರಿಗೆ ನಿನ್ನ ಸಾಲುಗಳು ಬೇಕು. ಬರೀ ಉತ್ತರ ನೋಡಿ ಇದು ಗೊತ್ತಾಗುವುದಿಲ್ಲ.

ಹಾಗಾದರೆ ಇಡೀ ಮೆಸೇಜ್ ಹೇಗಿರಬೇಕು? ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ, ಹೆಸರಿನ ಜಾಗದಲ್ಲಿ ನಿನ್ನ ಹೆಸರು ಹಾಕಿಕೋ:

> ಅಕ್ಕೋರೆ, ನಾನು (ಹೆಸರು), 10ನೇ ಬಿ. ಸಮಾಂತರ ಶ್ರೇಢಿ ಲೆಕ್ಕದಲ್ಲಿ ನನಗೆ 92 ಬರ್ತಿದೆ, ಪುಸ್ತಕದಲ್ಲಿ 97 ಇದೆ. ಇದು ಅಪ್ಪನ ಫೋನ್.
>
> ಲೆಕ್ಕ: ಒಂದು ಸಮಾಂತರ ಶ್ರೇಢಿಯ 4ನೇ ಪದ 17, 9ನೇ ಪದ 42. ಅದರ 20ನೇ ಪದ ಕಂಡುಹಿಡಿ. (ನೀವು ಸೋಮವಾರ ಪುಸ್ತಕದಿಂದ ಕೊಟ್ಟ 3ನೇ ಲೆಕ್ಕ.)
>
> ನಾನು ಮಾಡಿದ್ದು:
> a + 4d = 17
> a + 9d = 42
> ಕಳೆದಾಗ 5d = 25, d = 5
> a = 17 - 20 = -3
> 20ನೇ ಪದ = a + 19d = -3 + 95 = 92
>
> ಕಳೆಯೋದು, ಗುಣಿಸೋದು ಎರಡು ಸಲ ನೋಡಿದೆ, ಅದರಲ್ಲಿ ತಪ್ಪು ಸಿಗಲಿಲ್ಲ. ಯಾವ ಸಾಲಿನಲ್ಲಿ ತಪ್ಪಿದ್ದೀನಿ ಅಂತ ಹೇಳಿದ್ರೆ ಸಾಕು, ಮುಂದಿನದು ನಾನೇ ಮಾಡ್ತೀನಿ. ಟೆಸ್ಟ್ ಶುಕ್ರವಾರ 14ನೇ ತಾರೀಖು ಇದೆ, ಅಷ್ಟರೊಳಗೆ ಯಾವಾಗ ಬೇಕಾದ್ರೂ ಹೇಳಿ.

ಒಂದು ಡಜನ್ ಸಾಲಿನ ಆಸುಪಾಸು ಆಯಿತು. ಓದಲು ಒಂದು ನಿಮಿಷವೂ ಬೇಡ. ಅಕ್ಕೋರು ಬಸ್ಸಿನಲ್ಲಿ ನಿಂತುಕೊಂಡೇ "ಮೊದಲ ಎರಡು ಸಾಲು ನೋಡು, 4ನೇ ಪದಕ್ಕೆ ಎಷ್ಟು d ಕೂಡಿಸಬೇಕು?" ಅಂತ ಬರೆದು ಮುಗಿಸಬಹುದು. ನೀನು ಹನ್ನೆರಡು ಸಾಲು ಬರೆದದ್ದಕ್ಕೆ ಅವರು ಒಂದೇ ಸಾಲಿನಲ್ಲಿ ಉತ್ತರ ಕೊಡಲು ಆಯಿತು. ಉದ್ದ ಬರೆದರೆ ಬೈತಾರಾ ಅಂತ ಕೇಳಿದೆಯಲ್ಲ, ಅದಕ್ಕೆ ನನ್ನ ಉತ್ತರ ಇದು.

ಇದರಲ್ಲಿ ಮೊದಲ ಸಾಲನ್ನು ಸ್ವಲ್ಪ ನೋಡು. ಫೋನಿನ ಮೇಲೆ ನೋಟಿಫಿಕೇಶನ್ ಬಂದಾಗ ಶುರುವಿನ ಕೆಲವು ಶಬ್ದ ಮಾತ್ರ ಕಾಣುತ್ತವೆ. ಅಲ್ಲಿ "ಅಕ್ಕೋರೆ ನಮಸ್ಕಾರ ಹೇಗಿದ್ದೀರಿ ಊಟ ಆಯ್ತಾ" ಅಂತ ಮಾತ್ರ ಕಂಡರೆ ಆಮೇಲೆ ನೋಡೋಣ ಅಂತ ಬಿಡುತ್ತಾರೆ. ಯಾರು, ಯಾವ ಕ್ಲಾಸ್, ಯಾವ ಪಾಠ ಅಂತ ಅಲ್ಲೇ ಕಂಡರೆ, ತೆರೆಯುವ ಮೊದಲೇ ಅವರ ತಲೆ ಆ ಪಾಠದ ಕಡೆ ಹೋಗಿರುತ್ತೆ. ನಮಸ್ಕಾರ ಹೇಳಬೇಡ ಅಂತಲ್ಲ. ಹೇಳು, ಆದರೆ ಅದನ್ನು ಒಂದು ಮೆಸೇಜ್ ಮಾಡಿ ಕಳಿಸಿ, ಅವರು "ಹೇಳಮ್ಮ" ಅನ್ನುವವರೆಗೆ ಕಾಯುತ್ತಾ ಕೂರಬೇಡ. ನಮಸ್ಕಾರವೂ ಲೆಕ್ಕವೂ ಒಟ್ಟಿಗೇ ಹೋಗಲಿ. "ಅಪ್ಪನ ಫೋನ್" ಅಂತ ಬರೆಯುವುದು ಚಿಕ್ಕ ವಿಷಯ ಅನಿಸಬಹುದು, ಆದರೆ ಪ್ರೊಫೈಲ್‌ನಲ್ಲಿ ಕಿರಾಣಿ ಅಂಗಡಿಯ ಹೆಸರಿದ್ದು ಒಳಗೆ ಸಮಾಂತರ ಶ್ರೇಢಿ ಇದ್ದರೆ ಯಾರಿಗೂ ಒಂದು ಕ್ಷಣ ಗೊಂದಲವಾಗುತ್ತದೆ. ಅವರು ಫೋನ್ ಮಾಡಿದರೆ ಯಾರು ಎತ್ತುತ್ತಾರೆ ಅನ್ನುವುದೂ ಅವರಿಗೆ ಗೊತ್ತಿರಬೇಕು.

ಲೆಕ್ಕದ ನಂಬರ್ ಮಾತ್ರ ಬರೆದು ಲೆಕ್ಕ ಬರೆಯದೆ ಬಿಡುವುದು ಮಕ್ಕಳು ಅತಿ ಜಾಸ್ತಿ ಮಾಡುವ ತಪ್ಪು. "ಅಭ್ಯಾಸ 2, 5ನೇ ಲೆಕ್ಕ" ಅಂದರೆ ನಿನಗೆ ಒಂದೇ ಲೆಕ್ಕ. ಮೇಷ್ಟ್ರಿಗೆ ಹಾಗಲ್ಲ. ಗಣಿತ ಪುಸ್ತಕ ಭಾಗ 1 ಇದೆ, ಭಾಗ 2 ಇದೆ. ಪ್ರತಿ ಪಾಠದಲ್ಲೂ ಅಭ್ಯಾಸ ಇದೆ. ಕನ್ನಡ ಮೀಡಿಯಂ, ಇಂಗ್ಲಿಷ್ ಮೀಡಿಯಂ ಎರಡಕ್ಕೂ ಕಲಿಸುವವರಿದ್ದಾರೆ. ನೀನು ಅಣ್ಣನ ಹಳೇ ಪುಸ್ತಕ ಇಟ್ಟುಕೊಂಡಿದ್ದರೆ ಪಾಠದ ನಂಬರ್ರೇ ಬೇರೆ ಇರಬಹುದು. ಗೈಡ್‌ನಿಂದ ಕೇಳುತ್ತಿದ್ದರಂತೂ ಆ ಗೈಡ್ ಅವರ ಹತ್ತಿರ ಇರುವುದೇ ಇಲ್ಲ. ಅದಕ್ಕೆ ಲೆಕ್ಕವನ್ನೇ ಪೂರ್ತಿ ಬರಿ, ನಂಬರನ್ನು ಕೊನೆಗೆ ಕಂಸದಲ್ಲಿ ಹಾಕು. ಪುಸ್ತಕ ಇದ್ದವರು ತೆಗೆದು ನೋಡುತ್ತಾರೆ, ಇಲ್ಲದವರಿಗೂ ತೊಂದರೆ ಇಲ್ಲ.

ಲೆಕ್ಕ ಪೂರ್ತಿ ಬರೆದರೆ ಇನ್ನೂ ಒಂದು ಲಾಭ ಇದೆ. ಎಷ್ಟೋ ಸಲ ತಪ್ಪು ಲೆಕ್ಕ ಮಾಡುವುದರಲ್ಲಿ ಇರುವುದೇ ಇಲ್ಲ, ಇಳಿಸಿಕೊಳ್ಳುವಾಗಲೇ ಆಗಿರುತ್ತೆ. 42 ಬದಲು 24 ಅಂತ ಇಳಿಸಿಕೊಂಡೆ ಅಂತಿಟ್ಟುಕೋ. ಸೂತ್ರ ಸರಿಯಾಗಿ ಹಾಕಿದರೂ 5d = 7, d = 1.4 ಬರುತ್ತೆ, 20ನೇ ಪದ 39.4 ಆಗುತ್ತೆ. ನೀನು ಅರ್ಧ ಗಂಟೆ ತಲೆ ಕೆರೆದುಕೊಳ್ಳುತ್ತೀಯ. ಅಕ್ಕೋರು ನಿನ್ನ ಮೆಸೇಜ್‌ನಲ್ಲಿ 24 ಅಂತ ಇರುವುದು ಮತ್ತು ಪುಸ್ತಕದ ಉತ್ತರ 97 ಅಂತ ಇರುವುದು ಎರಡನ್ನೂ ನೋಡಿದರೆ, "9ನೇ ಪದ ಸರಿ ನೋಡು, 24 ಹೌದಾ?" ಅಂತ ಕೇಳುತ್ತಾರೆ. ಎಷ್ಟೋ ಸಲ ಮೆಸೇಜ್‌ಗೆ ಅಂತ ಪುಸ್ತಕ ನೋಡಿ ಲೆಕ್ಕ ಮತ್ತೆ ಟೈಪ್ ಮಾಡುವಾಗ ನಿನಗೇ ಅದು ಕಣ್ಣಿಗೆ ಬೀಳುತ್ತೆ, ಆಗ ಮೆಸೇಜ್ ಕಳಿಸುವುದೇ ಬೇಕಾಗುವುದಿಲ್ಲ. ಅದಕ್ಕೆ ಟೈಪ್ ಮಾಡುವಾಗ ನಿನ್ನ ನೋಟ್‌ಬುಕ್ ನೋಡಿ ಬರೆಯಬೇಡ, ಪುಸ್ತಕ ನೋಡಿ ಬರಿ.

ಈಗ ಸುಮ್ನೆ ಕಾಣುವ ಕೆಲವು ಶಬ್ದಗಳ ವಿಷಯ. ನಾಳೆ, ನಿನ್ನೆ, ಇದು, ಅದು, ಅಲ್ಲಿ, ಮೇಲಿನದು, ಆ ಸರ್, ಆವಾಗ ಹೇಳಿದ್ರಲ್ಲ. ಎದುರಿಗೆ ಕೂತು ಮಾತಾಡುವಾಗ ಇವು ಚೆನ್ನಾಗಿ ಕೆಲಸ ಮಾಡುತ್ತವೆ, ಬೆರಳು ತೋರಿಸಬಹುದು. ಮೆಸೇಜ್‌ನಲ್ಲಿ ಬೆರಳು ತೋರಿಸಲು ಆಗುವುದಿಲ್ಲ. ರಾತ್ರಿ 11:40ಕ್ಕೆ ನೀನು "ನಾಳೆ ಟೆಸ್ಟ್ ಇದೆ" ಅಂತ ಬರೆಯುತ್ತೀಯ. ಅಕ್ಕೋರು ಬೆಳಿಗ್ಗೆ 6 ಗಂಟೆಗೆ ಓದುತ್ತಾರೆ, ಅವರಿಗೆ ಆ ನಾಳೆ ಇನ್ನೂ ಒಂದು ದಿನ ದೂರ ಇದೆ ಅನಿಸುತ್ತೆ. ಸಂಜೆ ಉತ್ತರ ಬರೆದರಾಯಿತು ಅಂದುಕೊಳ್ಳುತ್ತಾರೆ. ನೀನು ಆಗಲೇ ಟೆಸ್ಟ್ ಬರೆದು ಬಂದಿರುತ್ತೀಯ. ವಾರ ಮತ್ತು ತಾರೀಖು ಎರಡೂ ಬರೆದರೆ ಈ ತಾಪತ್ರಯ ಇರುವುದಿಲ್ಲ, ಒಂದು ತಪ್ಪಿದರೂ ಇನ್ನೊಂದರಿಂದ ಗೊತ್ತಾಗುತ್ತೆ.

ಜಾಗದ ವಿಷಯವೂ ಹಾಗೇ. ಹುಬ್ಬಳ್ಳಿಯಲ್ಲಿ ಯಾರಿಗಾದರೂ "ಬಸ್ ಸ್ಟ್ಯಾಂಡ್ ಹತ್ರ ನಿಂತಿರ್ತೀನಿ" ಅಂತ ಬರೆದು ನೋಡು. ಹಳೇ ಬಸ್ ಸ್ಟ್ಯಾಂಡಾ, ಗೋಕುಲ ರೋಡಿನ ಹೊಸ ಬಸ್ ಸ್ಟ್ಯಾಂಡಾ, ಸಿಬಿಟಿಯಾ? ನೀನು ದಿನಾ ಹೋಗುವುದು ಒಂದೇ ಕಡೆ ಆದ್ದರಿಂದ ನಿನಗೆ ಬಸ್ ಸ್ಟ್ಯಾಂಡ್ ಅಂದರೆ ಅದೊಂದೇ. ಲೆಕ್ಕದಲ್ಲಿ "ಅದು", "ಆ ಸೂತ್ರ" ಅನ್ನುವಾಗಲೂ ಇದೇ ಆಗುವುದು. "ಆ ಸೂತ್ರ ಹಾಕಿದೆ, ಬರಲಿಲ್ಲ" ಅಂತ ಬರೆದರೆ ಪದ ಕಂಡುಹಿಡಿಯುವ ಸೂತ್ರವೋ, ಮೊತ್ತದ ಸೂತ್ರವೋ ಗೊತ್ತಾಗುವುದಿಲ್ಲ. ಸೂತ್ರವನ್ನೇ ಬರಿ, a + (n-1)d ಅಂತ. ನೀನು ಬರೆದ ಸೂತ್ರವೇ ತಪ್ಪಿದ್ದರೆ ಅದೂ ಅಲ್ಲೇ ಸಿಕ್ಕಿಬೀಳುತ್ತೆ.

ಫೋನಿನಲ್ಲಿ ಗಣಿತ ಟೈಪ್ ಮಾಡುವುದರಲ್ಲಿ ಒಂದು ದೊಡ್ಡ ಗುಂಡಿ ಇದೆ, ಅದರಲ್ಲಿ ಚೆನ್ನಾಗಿ ಓದುವ ಮಕ್ಕಳೂ ಬೀಳುತ್ತಾರೆ. ನೋಟ್‌ಬುಕ್‌ನಲ್ಲಿ ಭಿನ್ನರಾಶಿ ಬರೆಯುವಾಗ ಮೇಲೆ ಒಂದು, ಕೆಳಗೆ ಒಂದು, ನಡುವೆ ಗೆರೆ. ಆ ಗೆರೆ ಎಷ್ಟು ಉದ್ದ ಇದೆ ಅನ್ನುವುದೇ ಯಾವುದನ್ನು ಯಾವುದರಿಂದ ಭಾಗಿಸಬೇಕು ಅಂತ ಹೇಳುತ್ತೆ. ಫೋನಿನಲ್ಲಿ ಎಲ್ಲ ಒಂದೇ ಸಾಲಿನಲ್ಲಿ ಬರುತ್ತೆ, ಗೆರೆಯ ಉದ್ದ ಕಳೆದುಹೋಗುತ್ತೆ. ಇದನ್ನು ನೋಡು:

```
x+1/x-1
```

ನೀನು ಮೇಲೆ x+1, ಕೆಳಗೆ x−1 ಅಂದುಕೊಂಡು ಟೈಪ್ ಮಾಡಿದೆ. ಓದುವವರು ಗಣಿತದ ನಿಯಮದ ಪ್ರಕಾರ ಮೊದಲು 1/x ಭಾಗಿಸುತ್ತಾರೆ. x ಜಾಗದಲ್ಲಿ 2 ಹಾಕಿ ನೋಡು. ನೀನು ಅಂದುಕೊಂಡದ್ದು 3 ÷ 1, ಅಂದರೆ 3. ಅವರು ಓದಿದ್ದು 2 + 0.5 − 1, ಅಂದರೆ 1.5. ಎರಡೂ ಬೇರೆ ಲೆಕ್ಕ! ಆವರಣ ಹಾಕಿದರೆ ಮುಗಿಯಿತು:

```
(x+1)/(x-1)
```

ವರ್ಗಕ್ಕೂ ಹೀಗೇ. x2 ಅಂತ ಬರೆದರೆ ಅದು x ವರ್ಗವೋ, 2 ಸಲ x ಓ ತಿಳಿಯದು. x^2 ಅಂತ ಬರಿ, ಇಲ್ಲ ಕನ್ನಡದಲ್ಲೇ "x ವರ್ಗ" ಅಂತ ಬರಿ, ಎರಡೂ ನಡೆಯುತ್ತೆ. ವರ್ಗಮೂಲ ಬಂದರೆ ಅದರೊಳಗೆ ಎಲ್ಲಿಯವರೆಗೆ ಬರುತ್ತೆ ಅನ್ನುವುದನ್ನು ಆವರಣದಲ್ಲಿ ತೋರಿಸು, √(9+16) ಅಂದರೆ 5, (√9)+16 ಅಂದರೆ 19. ಟೈಪ್ ಮಾಡಿದ ಮೇಲೆ ಒಂದು ಸುಲಭದ ಸಂಖ್ಯೆ ಹಾಕಿ ನೋಡು, ನಿನ್ನ ನೋಟ್‌ಬುಕ್‌ನ ಸಾಲಿಗೂ ಫೋನಿನ ಸಾಲಿಗೂ ಒಂದೇ ಉತ್ತರ ಬರಬೇಕು.

ಇನ್ನೊಂದು, ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಅಭ್ಯಾಸ. ಗೆಳತಿಯರ ಜೊತೆ ಹರಟುವಾಗ ನಡೆಯುತ್ತೆ. ಗಣಿತದಲ್ಲಿ ಅದು ಕೈಕೊಡುತ್ತೆ. `pada 12` ಅಂತ ಒಂದು ಮೆಸೇಜ್ ಬಂದರೆ ನಾನು ಅದನ್ನು ಪದ ಅಂತ ಓದಲೋ, ತ್ರಿಭುಜದ ಪಾದ ಅಂತ ಓದಲೋ? `bahu` ಅಂದರೆ ಬಹುವೋ ಬಾಹುವೋ? ನಮ್ಮ ಭಾಷೆಯಲ್ಲಿ ಒಂದು ದೀರ್ಘ ಬಂದರೆ ಪಾಠವೇ ಬದಲಾಗುತ್ತೆ. ಕನ್ನಡ ಕೀಬೋರ್ಡ್ ಹಾಕಿಕೋ, ಒಂದು ವಾರದಲ್ಲಿ ಕೈ ಕೂಡುತ್ತೆ. ಅದೂ ಆಗಲ್ಲ ಅಂದರೆ ಕಾಗದದ ಮೇಲೆ ಬರೆದು ಫೋಟೋ ತೆಗಿ.

ಫೋಟೋ ಬಗ್ಗೆ ಕೇಳೇ ಕೇಳುತ್ತೀಯ ಅಂತ ಗೊತ್ತು. "ಇಷ್ಟೆಲ್ಲ ಟೈಪ್ ಮಾಡೋದ್ಯಾಕೆ, ಫೋಟೋ ಕಳಿಸಿದರೆ ಆಗಲ್ವಾ?" ಆಗುತ್ತೆ, ನಾನೇ ಎಷ್ಟೋ ಮಕ್ಕಳಿಗೆ ಹಾಗೆ ಮಾಡಿ ಅಂತ ಹೇಳಿದ್ದೇನೆ, ರೇಖಾಗಣಿತದ ಚಿತ್ರ ಇದ್ದರಂತೂ ಫೋಟೋನೇ ಒಳ್ಳೇದು. ಆದರೆ ನನಗೆ ಬರುವ ಫೋಟೋಗಳಲ್ಲಿ ಅರ್ಧಕ್ಕರ್ಧ ಉಪಯೋಗಕ್ಕೆ ಬರುವುದಿಲ್ಲ. ಟ್ಯೂಬ್‌ಲೈಟ್ ಕೆಳಗೆ ತೆಗೆದಿರುತ್ತಾರೆ, ಫೋನಿನ ನೆರಳು ಸರಿಯಾಗಿ ಬೇಕಾದ ಸಾಲಿನ ಮೇಲೇ ಬಿದ್ದಿರುತ್ತೆ. ಪೆನ್ಸಿಲಿನಲ್ಲಿ ಮಸುಕಾಗಿ ಬರೆದಿರುತ್ತಾರೆ. ಪುಟದ ಎಡಗಡೆ ಕತ್ತರಿಸಿ ಹೋಗಿ ಮೈನಸ್ ಗುರುತು ಮಾಯವಾಗಿರುತ್ತೆ. ಹಗಲಲ್ಲಿ ಕಿಟಕಿ ಪಕ್ಕ ಪುಟ ಇಡು, ಮೇಲಿಂದ ನೇರವಾಗಿ ಹಿಡಿ, ನಾಲ್ಕೂ ಅಂಚು ಕಾಣಲಿ. ಲೆಕ್ಕದ್ದು ಒಂದು ಫೋಟೋ, ನೀನು ಮಾಡಿದ್ದು ಇನ್ನೊಂದು. ಸಿಕ್ಕಿಕೊಂಡ ಸಾಲಿಗೆ ಪೆನ್ನಿನಿಂದ ಒಂದು ಸುತ್ತು ಹಾಕು. ಕಳಿಸುವ ಮೊದಲು ದೊಡ್ಡದು ಮಾಡಿ ನಿನಗೇ ಓದಲು ಬರುತ್ತಾ ನೋಡು.

ಮತ್ತೆ ಫೋಟೋ ಒಂದನ್ನೇ ಕಳಿಸಬೇಡ. ಅದರ ಕೆಳಗೆ ಬರೆಯಲು ಜಾಗ ಕೊಟ್ಟಿರುತ್ತಾರಲ್ಲ, ಅಲ್ಲೇ ಹೆಸರು, ಕ್ಲಾಸ್, ಡೌಟ್ ಬರಿ. ಬೇರೆ ಬೇರೆ ಕಳಿಸಿದರೆ, ಗ್ರೂಪಿನಲ್ಲಾದರೆ ನಡುವೆ ನಾಲ್ಕು ಜನರ ಗುಡ್ ಮಾರ್ನಿಂಗ್ ಬಂದು ನಿನ್ನ ಫೋಟೋ ಒಂದು ಕಡೆ, ಪ್ರಶ್ನೆ ಇನ್ನೊಂದು ಕಡೆ ಆಗುತ್ತೆ. ವಾಯ್ಸ್ ಮೆಸೇಜ್ ಮಾತ್ರ ಲೆಕ್ಕಕ್ಕೆ ಬೇಡ. ಸ್ಟಾಫ್ ರೂಮಿನಲ್ಲಿ ಜೋರಾಗಿ ಹಾಕಿ ಕೇಳಲು ಆಗಲ್ಲ, ಮೂರನೇ ಸಾಲು ಮತ್ತೆ ನೋಡಬೇಕು ಅಂದರೆ ಮೊದಲಿಂದ ಕೇಳಬೇಕು.

ಈಗ ನೀನು ಕೇಳದೇ ಇದ್ದರೂ ನಿನ್ನ ಮನಸ್ಸಿನಲ್ಲಿ ಇರಬಹುದಾದ ಪ್ರಶ್ನೆ. ನಾನು ಏನೂ ಮಾಡೇ ಇಲ್ಲ, ಶುರುನೇ ಆಗಲಿಲ್ಲ, ಆವಾಗ ಏನು ಬರೆಯಲಿ? ಇದು ವಾಕ್ಯದ ಲೆಕ್ಕಗಳಲ್ಲಿ ಜಾಸ್ತಿ. ಒಂದು ಉದಾಹರಣೆ ತಗೋ: ಒಂದು ಆಯತಾಕಾರದ ಹೊಲದ ಉದ್ದ ಅದರ ಅಗಲಕ್ಕಿಂತ 8 ಮೀಟರ್ ಜಾಸ್ತಿ, ವಿಸ್ತೀರ್ಣ 240 ಚದರ ಮೀಟರ್, ಉದ್ದ ಅಗಲ ಎಷ್ಟು? "ಈ ಲೆಕ್ಕ ಅರ್ಥನೇ ಆಗ್ತಿಲ್ಲ" ಅಂತ ಬರೆದರೆ, ಯಾವುದು ಅರ್ಥ ಆಗಲಿಲ್ಲ? ಆಯತ ಅನ್ನುವ ಶಬ್ದವೋ, ವಿಸ್ತೀರ್ಣದ ಸೂತ್ರವೋ, x ಯಾವುದಕ್ಕೆ ಇಡಬೇಕು ಅನ್ನುವುದೋ? ಆವಾಗ ತಿಳಿದ ಕೊನೇ ಸಾಲು ಯಾವುದು ಅಂತ ಹುಡುಕಿ ಅದನ್ನು ಬರಿ. "ಅಗಲ x ಅಂತ ಇಟ್ಟೆ. ವಿಸ್ತೀರ್ಣ ಅಂದರೆ ಉದ್ದ ಗುಣಿಸು ಅಗಲ, ಅದು ಗೊತ್ತು. ಉದ್ದಕ್ಕೆ x + 8 ಬರೀಬೇಕೋ 8x ಬರೀಬೇಕೋ ಗೊತ್ತಾಗಲಿಲ್ಲ, ಅಲ್ಲೇ ನಿಂತೆ." ಇಷ್ಟು ಬರೆದರೆ ಸಾಕು. ಅವರು "8 ಮೀಟರ್ ಜಾಸ್ತಿ ಅಂದರೆ ಕೂಡು, 8 ಪಟ್ಟು ಅಂದಿದ್ದರೆ ಗುಣಿಸಬೇಕಿತ್ತು" ಅನ್ನುತ್ತಾರೆ, ನೀನು x(x+8) = 240 ಬರೆದು ಅಗಲ 12, ಉದ್ದ 20 ಅಂತ ನೀನೇ ತೆಗೆಯುತ್ತೀಯ. ಏನೂ ಬರಲ್ಲ ಅಂದುಕೊಂಡ ಲೆಕ್ಕದಲ್ಲಿ ಸಿಕ್ಕಿಕೊಂಡಿದ್ದು ಒಂದೇ ಒಂದು ಶಬ್ದದ ಹತ್ತಿರ.

ಒಂದು ಮೆಸೇಜ್‌ಗೆ ಒಂದೇ ಲೆಕ್ಕ ಇಡು. ಐದು ಡೌಟ್ ಒಟ್ಟಿಗೆ ಹಾಕಿದರೆ ಬಿಡುವಾದಾಗ ಕೂತು ನೋಡೋಣ ಅಂತ ಇಡುತ್ತಾರೆ, ಆ ಬಿಡುವು ಭಾನುವಾರದವರೆಗೆ ಬರದೇ ಇರಬಹುದು. ತೀರಾ ಐದೂ ಕೇಳಲೇಬೇಕು ಅಂದರೆ ಮೊದಲು ಯಾವುದು ಬೇಕು ಅಂತ ಹೇಳಿ ಅದೊಂದನ್ನು ಕಳಿಸು. ಹಾಗೇ, ಶಾಲೆಯ ಅಕ್ಕೋರು ಬಿಟ್ಟು ಗೊತ್ತಿಲ್ಲದ ಯಾರಿಗಾದರೂ ಲೆಕ್ಕ ಕೇಳುವಾಗ ಹೆಸರು, ಕ್ಲಾಸ್ ಸಾಕು. ಮನೆ ಎಲ್ಲಿ, ಶಾಲೆ ಯಾವುದು ಅಂತೆಲ್ಲ ಲೆಕ್ಕಕ್ಕೆ ಬೇಕಾಗಿಲ್ಲ.

ಬರೆದಾದ ಮೇಲೆ ಕಳಿಸುವ ಮೊದಲು ಸರಿ ಇದೆಯೋ ಇಲ್ಲವೋ ತಿಳಿಯಲು ನಾನು ನನ್ನ ಮಕ್ಕಳಿಗೆ ಒಂದು ಕೆಲಸ ಹೇಳುತ್ತೇನೆ. ಪುಸ್ತಕ ಮುಚ್ಚು, ನೋಟ್‌ಬುಕ್ ಮುಚ್ಚು. ಎದ್ದು ಹೋಗಿ ನೀರು ಕುಡಿದು ಬಾ. ಆಮೇಲೆ ಒಂದು ಖಾಲಿ ಹಾಳೆ ತಗೊಂಡು, ಬರೀ ನಿನ್ನ ಮೆಸೇಜ್ ನೋಡಿ ಆ ಲೆಕ್ಕವನ್ನು ಹಾಳೆಗೆ ಇಳಿಸಲು ಆಗುತ್ತಾ ನೋಡು. ಕೈ ಪುಸ್ತಕದ ಕಡೆ ಹೋಯಿತು ಅಂದರೆ, ಹೋಗಿದ್ದು ಯಾವುದನ್ನು ನೋಡೋಕೆ? ಮೆಸೇಜ್‌ನಲ್ಲಿ ಬಿಟ್ಟುಹೋಗಿದ್ದು ಅದೇ. ಮನೆಯಲ್ಲಿ ಅಕ್ಕನೋ ತಮ್ಮನೋ ಇದ್ದರೆ ಇನ್ನೂ ಒಳ್ಳೇದು, ಅವರ ಕೈಗೆ ಫೋನ್ ಕೊಡು. "ಚೆನ್ನಾಗಿದೆಯಾ?" ಅಂತ ಕೇಳಬೇಡ, ಹೂಂ ಅಂದುಬಿಡುತ್ತಾರೆ. "ಇದರಲ್ಲಿ ಏನು ಕೊಟ್ಟಿದ್ದಾರೆ, ನಾನು ಏನು ಕೇಳ್ತಿದ್ದೀನಿ, ಯಾವತ್ತಿನೊಳಗೆ ಬೇಕು?" ಅಂತ ಕೇಳು. ಮೂರಕ್ಕೂ ಅವರು ಸರಿಯಾಗಿ ಹೇಳಿದರೆ ಕಳಿಸು. ನಿನ್ನ ಮುಖ ನೋಡಿ "ಇದು ಯಾವುದೇ?" ಅಂತ ಅವರು ಕೇಳಿದ ಜಾಗದಲ್ಲೇ ಅಕ್ಕೋರೂ ಕೇಳುತ್ತಿದ್ದರು.

ಕಳಿಸಿದ ಮೇಲೆ ಉತ್ತರ ಬರದಿದ್ದರೆ ಅರ್ಧ ಗಂಟೆಗೊಮ್ಮೆ "ಅಕ್ಕೋರೆ?" ಅಂತ ಬರೆಯಬೇಡ. ಒಂದು ದಿನ ಬಿಡು. ಆಮೇಲೆ ಬರೆಯುವಾಗ "ನಿನ್ನೆ ಕೇಳಿದ್ದೆ" ಅಂತ ಮಾತ್ರ ಬರೆದರೆ ಮತ್ತೆ ಹಳೇ ಕಥೆ, ಅವರು ಮೇಲೆ ಹೋಗಿ ಹುಡುಕಬೇಕು. ಹಳೇ ಮೆಸೇಜನ್ನು ಒತ್ತಿಹಿಡಿದು ಅದಕ್ಕೇ ರಿಪ್ಲೈ ಕೊಟ್ಟು, "4ನೇ ಪದ 17, 9ನೇ ಪದ 42 ಇರೋ ಲೆಕ್ಕ, ಇನ್ನೂ ಸಿಕ್ಕಿಲ್ಲ ಅಕ್ಕೋರೆ, ಟೆಸ್ಟ್ ಶುಕ್ರವಾರ" ಅಂತ ಬರಿ. ಅಷ್ಟರೊಳಗೆ ನಿನಗೇ ಹೊಳೆದುಬಿಟ್ಟರೆ ಅದನ್ನೂ ತಿಳಿಸು: "ಸಿಕ್ತು ಅಕ್ಕೋರೆ, 4ನೇ ಪದಕ್ಕೆ 4d ಹಾಕಿದ್ದೆ, 3d ಆಗಬೇಕಿತ್ತು." ಇಲ್ಲದಿದ್ದರೆ ರಾತ್ರಿ ಪಾತ್ರೆ ತೊಳೆದಾದ ಮೇಲೆ ಅವರು ಕೂತು ಆ ಲೆಕ್ಕ ಮಾಡುತ್ತಾರೆ.